ಹಿರಿಯರಿಗೆ ಯುಪಿಐ ಕಲಿಸುವ ಸ್ಕ್ರಿಪ್ಟ್ ತಿದ್ದುವ ಬಗೆ: ಅಂಗಡಿಯಲ್ಲಿ 140 ರೂಪಾಯಿ ಕೊಡುವ ಒಂದೇ ಪಾಠ

ಫೋನಿನಲ್ಲಿ ದುಡ್ಡು ಕೊಡುವುದನ್ನು ಹೇಳಿಕೊಡುವ ವಿಡಿಯೊಗಳು ಕನ್ನಡದಲ್ಲಿ ಬೇಕಾದಷ್ಟಿವೆ. ಹೆಚ್ಚಿನವನ್ನು ಸ್ಮಾರ್ಟ್‌ಫೋನ್ ಬಳಸಿ ಆಗಲೇ ರೂಢಿಯಿರುವವರಿಗಾಗಿ ಬರೆದಿರುತ್ತಾರೆ. ಎಪ್ಪತ್ತು ದಾಟಿದ ಮೇಲೆ ಮೊದಲ ಸಲ ಟಚ್ ಫೋನ್ ಹಿಡಿದವರಿಗೆ ಅದನ್ನೇ ನಿಧಾನವಾಗಿ ಓದಿ ಹೇಳಿದರೆ ಕೆಲಸ ಆಗುವುದಿಲ್ಲ, ಸ್ಕ್ರಿಪ್ಟನ್ನೇ ಬಿಚ್ಚಿ ಮತ್ತೆ ಕಟ್ಟಬೇಕು. ಸ್ವಸಹಾಯ ಸಂಘದಲ್ಲೋ, ಪಂಚಾಯಿತಿ ಗ್ರಂಥಾಲಯದಲ್ಲೋ, ಸ್ವಂತ ಮನೆಯಲ್ಲೋ ಇಂಥ ಪಾಠ ಮಾಡುವವರಿಗಾಗಿ ಆ ಕೆಲಸವನ್ನು ಇಲ್ಲಿ ಹಂತಹಂತವಾಗಿ ಬರೆದಿದ್ದೇವೆ. ಉದಾಹರಣೆಗೆ ತೆಗೆದುಕೊಂಡಿರುವುದು ಒಂದೇ ಸಂದರ್ಭ. ಮಡಿಕೇರಿಯ ಒಂದು ದಿನಸಿ ಅಂಗಡಿಯಲ್ಲಿ ಕ್ಯೂಆರ್ ಚೌಕ ಸ್ಕ್ಯಾನ್ ಮಾಡಿ 140 ರೂಪಾಯಿ ಕೊಡುವುದು. ಬೇರೆಯವರ ಖಾತೆಗೆ ಹಣ ಕಳಿಸುವುದು, ಕರೆಂಟ್ ಬಿಲ್ ಕಟ್ಟುವುದು, ರೀಚಾರ್ಜ್ ಯಾವುದೂ ಈ ಪಾಠದಲ್ಲಿ ಬೇಡ. ಒಂದು ಪಾಠಕ್ಕೆ ಒಂದೇ ಕೆಲಸ.

ಮೊದಲು ಹಳೆಯ ಸ್ಕ್ರಿಪ್ಟನ್ನು ಬಿಡಿಸಿ

ಸಾಮಾನ್ಯವಾಗಿ ಸಿಗುವ ಸ್ಕ್ರಿಪ್ಟ್ ಹೀಗಿರುತ್ತದೆ:

"ನಿಮ್ಮ ಯುಪಿಐ ಆ್ಯಪ್ ಓಪನ್ ಮಾಡಿ, ಹೋಮ್ ಸ್ಕ್ರೀನ್‌ನಲ್ಲಿರುವ ಸ್ಕ್ಯಾನರ್ ಮೇಲೆ ಕ್ಲಿಕ್ ಮಾಡಿ ಅಂಗಡಿಯ ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಿ. ನಂತರ ಅಮೌಂಟ್ ಎಂಟರ್ ಮಾಡಿ, ಪ್ರೊಸೀಡ್ ಕೊಟ್ಟು ಪಿನ್ ಹಾಕಿದರೆ ಪೇಮೆಂಟ್ ಆಯಿತು."

ಎರಡೇ ವಾಕ್ಯ. ಓದಲು ಇಪ್ಪತ್ತು ಸೆಕೆಂಡೂ ಬೇಡ. ಈಗ ಒಂದು ಹಾಳೆ ತೆಗೆದುಕೊಂಡು, ಫೋನ್ ಕೈಯಲ್ಲಿ ಹಿಡಿದು, ಬೆರಳು ಮಾಡುವ ಕೆಲಸ ಒಂದು, ಕಣ್ಣು ಮಾಡುವ ಕೆಲಸ ಒಂದು ಎಂದು ಸಾಲಾಗಿ ಬರೆಯುತ್ತ ಹೋಗಿ. ಫೋನಿನ ಲಾಕ್ ತೆಗೆಯುವುದು. ಆ್ಯಪಿನ ಚಿತ್ರ ಹುಡುಕುವುದು. ಅದನ್ನು ಮುಟ್ಟುವುದು. ಆ್ಯಪ್ ಮತ್ತೊಮ್ಮೆ ಲಾಕ್ ಕೇಳಿದರೆ ಕೊಡುವುದು. ಸ್ಕ್ಯಾನ್ ಗುರುತನ್ನು ಮುಟ್ಟುವುದು. ಫೋನನ್ನು ಚೌಕದ ಎದುರು ಹಿಡಿಯುವುದು. ಏನೂ ಮುಟ್ಟದೆ ಕಾಯುವುದು. ಬಂದ ಹೆಸರು ಓದುವುದು. ಮೊತ್ತ ಬರೆಯುವುದು. ಬರೆದ ಮೊತ್ತ ಓದುವುದು. ಹಣ ಕೊಡುವ ಬಟನ್ ಮುಟ್ಟುವುದು. ಯಾವ ಬ್ಯಾಂಕ್ ಎಂದು ತೋರಿಸುವ ಪುಟದಲ್ಲಿ ಇನ್ನೊಮ್ಮೆ ಮುಟ್ಟುವುದು. ಪಿನ್ ಬರೆಯುವುದು. ಪಿನ್ ಪುಟದ ಸರಿ ಗುರುತನ್ನು ಮುಟ್ಟುವುದು. ಕಾಯುವುದು. ಹಣ ಹೋಯಿತೇ ಎಂದು ನೋಡುವುದು. ಒಟ್ಟು 16 ಕೆಲಸಗಳು. ಹಳೆಯ ಸ್ಕ್ರಿಪ್ಟ್ ಹೇಳಿದ್ದು ಆರು ಮಾತ್ರ. ಉಳಿದ ಹತ್ತು ಬರೆದವರಿಗೆ ರೂಢಿಯಾಗಿ ಹೋಗಿದ್ದರಿಂದ ಕಣ್ಣಿಗೇ ಬೀಳಲಿಲ್ಲ. ಹಿರಿಯರು ಎಡವುವುದು ಹೆಚ್ಚಾಗಿ ಈ ಹತ್ತರಲ್ಲೇ.

ನೀವು ಬಳಸುವ ಆ್ಯಪಿನಲ್ಲಿ ಈ ಸಂಖ್ಯೆ ಒಂದೆರಡು ಹೆಚ್ಚು ಕಡಿಮೆಯಾಗಬಹುದು. ಒಂದೇ ಆ್ಯಪ್ ಆರಿಸಿಕೊಳ್ಳಿ. "ಯಾವ ಆ್ಯಪ್ ಆದರೂ ಇದೇ ರೀತಿ" ಎಂಬ ಮಾತು ಸ್ಕ್ರಿಪ್ಟಿನಲ್ಲಿ ಇರಲೇಬಾರದು. ಸ್ಕ್ಯಾನ್ ಗುರುತು ಒಂದರಲ್ಲಿ ಕೆಳಗೆ ನಡುವೆ ಇರುತ್ತದೆ, ಇನ್ನೊಂದರಲ್ಲಿ ಮೇಲೆ ಎಡಗಡೆ. ನಮಗೆ ಅದು ಸಣ್ಣ ವ್ಯತ್ಯಾಸ. ಮೊದಲ ಸಲ ನೋಡುವವರಿಗೆ ಅದು ಬೇರೆಯೇ ಪಾಠ.

ಪಾಠದ ಮೊದಲೇ ಮುಗಿದಿರಬೇಕಾದ ಕೆಲಸ

ಬ್ಯಾಂಕ್ ಖಾತೆ ಜೋಡಿಸುವುದು, ಯುಪಿಐ ಪಿನ್ ಹೊಂದಿಸುವುದು ಈ ಸ್ಕ್ರಿಪ್ಟಿನೊಳಗೆ ಬರಬಾರದು. ಖಾತೆ ಜೋಡಿಸುವಾಗ ಆ ಫೋನಿನ ಸಿಮ್‌ನಿಂದಲೇ ಒಂದು ಎಸ್ಸೆಮ್ಮೆಸ್ ಹೋಗುತ್ತದೆ. ಬ್ಯಾಂಕಿನಲ್ಲಿ ಕೊಟ್ಟಿರುವ ನಂಬರಿನ ಸಿಮ್ ಹಳೆಯ ಬಟನ್ ಫೋನಿನಲ್ಲೇ ಉಳಿದಿದ್ದರೆ, ಇಲ್ಲವೇ ಹೊಸ ಫೋನಿನ ಎರಡು ಸಿಮ್‌ಗಳಲ್ಲಿ ತಪ್ಪಾದದ್ದನ್ನು ಆರಿಸಿದ್ದರೆ ಅಲ್ಲಿಗೇ ಕೆಲಸ ನಿಲ್ಲುತ್ತದೆ. ಇದನ್ನು ಮನೆಯವರೊಬ್ಬರು ಪಕ್ಕದಲ್ಲಿ ಕೂತು ಮೊದಲೇ ಮುಗಿಸಲಿ. ಪಿನ್ ಅಂಕಿಗಳನ್ನು ಮಾತ್ರ ಹಿರಿಯರೇ ಆರಿಸಿ ಅವರೇ ಬರೆಯಬೇಕು. ಪಿಂಚಣಿ ಅಥವಾ ಕಾಫಿ ದುಡ್ಡು ಬೀಳುವ ಖಾತೆಯನ್ನು ಹಾಗೇ ಬಿಟ್ಟು, ಎರಡು ಮೂರು ಸಾವಿರ ರೂಪಾಯಿ ಇರುವ ಬೇರೆ ಖಾತೆಯನ್ನು ಜೋಡಿಸಿದರೆ ಕಲಿಯುವವರ ಕೈಗೂ ಧೈರ್ಯ, ಮನೆಯವರಿಗೂ ನೆಮ್ಮದಿ.

ಫೋನಿನ ಎರಡು ಸೆಟ್ಟಿಂಗ್‌ಗಳನ್ನೂ ಬದಲಿಸಿ. ಹಲವು ಫೋನುಗಳ ತೆರೆ 30 ಸೆಕೆಂಡಿಗೆ ಆರಿಹೋಗುತ್ತದೆ. ನಿಧಾನದ ಪಾಠದಲ್ಲಿ ಪ್ರತಿ ಹೆಜ್ಜೆಗೂ ತೆರೆ ಕಪ್ಪಾಗಿ, ಮತ್ತೆ ಲಾಕ್ ತೆಗೆದು, ಎಲ್ಲಿದ್ದೆವು ಎಂದು ಹುಡುಕುವಂತಾಗುತ್ತದೆ. ಅದನ್ನು 5 ನಿಮಿಷಕ್ಕೆ ಇಡಿ. ಅಕ್ಷರದ ಗಾತ್ರ ಒಂದೆರಡು ಹಂತ ಹೆಚ್ಚಿಸಿ, ಆದರೆ ತೀರಾ ದೊಡ್ಡದು ಬೇಡ. ಅಕ್ಷರ ಬಹಳ ದೊಡ್ಡದಾದರೆ ಹಣ ಕೊಡುವ ಬಟನ್ ತೆರೆಯಿಂದ ಕೆಳಗೆ ಸರಿದು, ಅಂಕಿಗಳ ಕೀಬೋರ್ಡಿನ ಹಿಂದೆ ಅಡಗಿಬಿಡಬಹುದು. ಗಾತ್ರ ಬದಲಿಸಿದ ಮೇಲೆ ಎಲ್ಲ ಪುಟಗಳನ್ನೂ ಒಮ್ಮೆ ನೀವೇ ತೆರೆದು ನೋಡಿ.

ಇನ್ನೊಂದು ದೊಡ್ಡ ವಿಷಯ. ವಿಡಿಯೊ ಯಾವ ಫೋನಿನಲ್ಲಿ ಓಡುತ್ತದೆ? ಹಣ ಕೊಡಬೇಕಾದ ಫೋನಿನಲ್ಲೇ ವಿಡಿಯೊ ನೋಡುತ್ತಿದ್ದರೆ, "ಈಗ ಆ್ಯಪ್ ತೆರೆಯಿರಿ" ಎಂದ ಕ್ಷಣ ಅವರು ವಿಡಿಯೊದಿಂದ ಹೊರಗೆ ಹೋಗಬೇಕು. ಎರಡರ ನಡುವೆ ಓಡಾಡಲು ಅವರಿಗೆ ಬಂದಿದ್ದರೆ ಈ ಪಾಠವೇ ಬೇಕಿರಲಿಲ್ಲ. ಆದ್ದರಿಂದ ಪಾಠ ಬೇರೆ ಫೋನಿನಲ್ಲಿ ಅಥವಾ ಟಿವಿಯಲ್ಲಿ ಓಡಲಿ, ಇಲ್ಲವೇ ಒಬ್ಬರು ಎದುರು ಕೂತು ಓದಿ ಹೇಳಲಿ. ಸ್ಕ್ರಿಪ್ಟಿನ ಮೊದಲ ಸಾಲಿಗೂ ಮುಂಚೆ ಇದನ್ನು ಬರೆದಿಡಿ.

ಒಂದು ಕೆಲಸಕ್ಕೆ ಮೂರು ಸಾಲು

ಈಗ 16 ಕೆಲಸಗಳಲ್ಲಿ ಪ್ರತಿಯೊಂದಕ್ಕೂ ಮೂರು ಸಾಲು ಬರೆಯಬೇಕು. ಮೊದಲನೆಯದು ಎಲ್ಲಿ ನೋಡಬೇಕು ಎಂದು ಹೇಳುತ್ತದೆ, ಎರಡನೆಯದು ಏನು ಮಾಡಬೇಕು ಎಂದು, ಮೂರನೆಯದು ಮಾಡಿದ ಮೇಲೆ ಏನು ಕಾಣುತ್ತದೆ ಎಂದು. ಈ ಕ್ರಮ ಬದಲಾಗಬಾರದು. "ನೀಲಿ ಬಟನ್ ಮುಟ್ಟಿ, ಅದು ಕೆಳಗಡೆ ಇದೆ" ಎಂದರೆ ಮುಟ್ಟಿ ಎಂದ ಕೂಡಲೇ ಬೆರಳು ಹೊರಟು ಎದುರಿಗೆ ಸಿಕ್ಕಿದ್ದನ್ನು ಮುಟ್ಟುತ್ತದೆ. "ಕೆಳಗಡೆ ನೋಡಿ. ನೀಲಿ ಬಟನ್ ಇದೆ. ಅದನ್ನು ಒಮ್ಮೆ ಮುಟ್ಟಿ ಬಿಡಿ" ಎಂದರೆ ಕಣ್ಣು ಮೊದಲು ಹೋಗುತ್ತದೆ, ಬೆರಳು ಆಮೇಲೆ.

ಮೂರನೆಯ ಸಾಲನ್ನು ಬಹಳ ಜನ ಬಿಟ್ಟುಬಿಡುತ್ತಾರೆ. ಅದಿಲ್ಲದಿದ್ದರೆ ತಾವು ಮಾಡಿದ್ದು ಸರಿಯಾಯಿತೇ ಎಂದು ಹಿರಿಯರಿಗೆ ತಿಳಿಯುವುದಿಲ್ಲ. ಸಂಶಯ ಬಂದರೆ ಅದೇ ಜಾಗವನ್ನು ಇನ್ನೊಮ್ಮೆ ಮುಟ್ಟುತ್ತಾರೆ. ಅಷ್ಟರಲ್ಲಿ ಹೊಸ ಪುಟ ಬಂದಿರುತ್ತದೆ, ಆ ಎರಡನೆಯ ಸ್ಪರ್ಶ ಹೊಸ ಪುಟದಲ್ಲಿ ಇನ್ನೇನನ್ನೋ ತೆರೆಯುತ್ತದೆ. "ಎಲ್ಲೆಲ್ಲಿಗೋ ಹೋಗಿಬಿಡ್ತು" ಎಂಬ ದೂರಿನ ಹಿಂದೆ ಹೆಚ್ಚಾಗಿ ಇರುವುದು ಇದೇ.

ಒಂದು ಕ್ರಿಯೆಗೆ ಕೊನೆಯವರೆಗೂ ಒಂದೇ ಮಾತು ಇರಲಿ. ಹಳೆಯ ಸ್ಕ್ರಿಪ್ಟಿನಲ್ಲಿ ಓಪನ್ ಮಾಡಿ, ಕ್ಲಿಕ್ ಮಾಡಿ, ಕೊಟ್ಟು ಎಂದು ಮೂರು ಬಗೆಯಲ್ಲಿ ಹೇಳಿದ್ದು ಒಂದೇ ಕ್ರಿಯೆಯನ್ನು. ಕೇಳುವವರು ಅದನ್ನು ಮೂರು ಬೇರೆ ಕೆಲಸ ಎಂದುಕೊಳ್ಳುತ್ತಾರೆ. "ಒತ್ತಿ" ಎನ್ನುವುದನ್ನು ಇಲ್ಲಿ ಬೇಕೆಂದೇ ಬಿಟ್ಟಿದ್ದೇವೆ. ಬಟನ್ ಫೋನ್ ಬಳಸಿದ ಕೈ ಗಟ್ಟಿಯಾಗಿ, ಹೊತ್ತು ಹಿಡಿದು ಒತ್ತುತ್ತದೆ. ಟಚ್ ಫೋನಿನಲ್ಲಿ ಆ್ಯಪಿನ ಚಿತ್ರವನ್ನು ಹಾಗೆ ಒತ್ತಿ ಹಿಡಿದರೆ ಆ್ಯಪ್ ತೆರೆಯುವುದಿಲ್ಲ, ಸಣ್ಣ ಪಟ್ಟಿಯೊಂದು ಮೇಲೆದ್ದು ಬರುತ್ತದೆ, ಇಲ್ಲವೇ ಚಿತ್ರವೇ ಜಾಗ ಬಿಟ್ಟು ಸರಿಯುತ್ತದೆ. ಆದ್ದರಿಂದ ಎಲ್ಲ ಕಡೆಯೂ "ಒಮ್ಮೆ ಮುಟ್ಟಿ ಬಿಡಿ". ತೋಟದ ಕೆಲಸದಲ್ಲಿ ಸವೆದು ಒಣಗಿದ ಬೆರಳ ತುದಿಗೆ ತೆರೆ ಕೆಲವೊಮ್ಮೆ ಸ್ಪಂದಿಸುವುದೇ ಇಲ್ಲ. ಬೆರಳ ತುದಿಯ ಬದಲು ಅದರ ಕೆಳಗಿನ ಮೆತ್ತನೆಯ ಭಾಗದಿಂದ ಮುಟ್ಟಲು ಹೇಳಿ. ಮಳೆಗಾಲದಲ್ಲಿ ಕೈಯನ್ನೂ ತೆರೆಯನ್ನೂ ಒರೆಸಿಕೊಂಡು ಶುರು ಮಾಡಿ. ತೆರೆಯ ಮೇಲೆ ನೀರಿನ ಹನಿ ಇದ್ದರೆ ಫೋನ್ ಅದನ್ನೇ ಬೆರಳೆಂದು ತಿಳಿಯುತ್ತದೆ.

ಕೊಡಗಿನಲ್ಲಿ ಕೇಳುವವರ ಮನೆಮಾತು ಕೊಡವ ತಕ್ಕ್ ಇರಬಹುದು, ಅರೆಭಾಷೆ, ಮಲಯಾಳಂ, ಯರವ ಇರಬಹುದು. ಕನ್ನಡ ಎಲ್ಲರಿಗೂ ಅರ್ಥವಾಗುತ್ತದೆ ನಿಜ, ಆದರೆ ಅದು ಸಂತೆಯ, ಬಸ್‌ಸ್ಟ್ಯಾಂಡಿನ ಕನ್ನಡ. "ಮೊತ್ತವನ್ನು ನಮೂದಿಸಿ" ಎಂಬುದು ಅವರಿಗೆ ಇಂಗ್ಲಿಷಿನಷ್ಟೇ ದೂರ. "ಎಷ್ಟು ರೂಪಾಯಿ ಅಂತ ಬರೆಯಿರಿ" ಸಾಕು. ಒಂದು ವಾಕ್ಯ ಏಳೆಂಟು ಪದಕ್ಕಿಂತ ಉದ್ದವಾದರೆ ಎರಡಾಗಿ ಮುರಿಯಿರಿ. ಆದರೆ ತೆರೆಯ ಮೇಲೆ ಇರುವ ಇಂಗ್ಲಿಷ್ ಪದಗಳನ್ನು ಮರೆಮಾಡಬೇಡಿ. ಆ್ಯಪಿನ ಭಾಷೆಯನ್ನು ಕನ್ನಡಕ್ಕೆ ಬದಲಿಸಿದ ಮೇಲೂ ಪಿನ್ ಕೇಳುವ ಪುಟ ಅನೇಕ ಫೋನುಗಳಲ್ಲಿ ಇಂಗ್ಲಿಷಿನಲ್ಲೇ ಬರುತ್ತದೆ. ಅಲ್ಲಿ UPI PIN ಎಂದು ಬರೆದಿರುವುದನ್ನು ದೊಡ್ಡದಾಗಿ ತೋರಿಸಿ, ಓದಲು ಬಾರದಿದ್ದರೂ ಆಕಾರದಿಂದ ಗುರುತು ಹಿಡಿಯುವಂತೆ ಮಾಡಿ.

ಮೌನವನ್ನೂ ಸ್ಕ್ರಿಪ್ಟಿನಲ್ಲಿ ಬರೆಯಿರಿ

ಮಾತನ್ನು ಎಳೆದೆಳೆದು ಆಡಿದರೆ ಪದವೇ ಕಿವಿಗೆ ಸರಿಯಾಗಿ ಬೀಳುವುದಿಲ್ಲ. ಪದಗಳನ್ನು ಸಹಜವಾಗಿಯೇ ಹೇಳಿ, ನಿಧಾನವನ್ನು ವಾಕ್ಯಗಳ ನಡುವಿನ ಮೌನದಲ್ಲಿ ಇಡಿ. ಆ ಮೌನ ಎಷ್ಟಿರಬೇಕೆಂದು ಓದುವವರ ಅಂದಾಜಿಗೆ ಬಿಟ್ಟರೆ ಅವರು ಎರಡು ಸೆಕೆಂಡಿಗೇ ಮುಂದೆ ಹೋಗುತ್ತಾರೆ, ಯಾಕೆಂದರೆ ರೆಕಾರ್ಡಿಂಗಿನಲ್ಲಿ ಸುಮ್ಮನಿರುವುದು ಯಾರಿಗೂ ಹಿತವಲ್ಲ. ಆದ್ದರಿಂದ ಸೆಕೆಂಡುಗಳನ್ನೇ ಬರೆಯಿರಿ. ನೋಡುವುದಕ್ಕೆ 5, ಒಂದು ಸಲ ಮುಟ್ಟುವುದಕ್ಕೆ 10, ಮೊತ್ತ ಬರೆಯುವುದಕ್ಕೆ 25, ಪಿನ್ ಬರೆಯುವುದಕ್ಕೆ 30 ಎಂದು ಶುರು ಮಾಡಿ. ಆಮೇಲೆ ಇಬ್ಬರು ಮೂವರು ಹಿರಿಯರು ನಿಜವಾಗಿ ಮಾಡುವುದನ್ನು ಗಡಿಯಾರ ಹಿಡಿದು ನೋಡಿ, ಅವರಲ್ಲಿ ಎಲ್ಲರಿಗಿಂತ ತಡವಾದವರ ಸಮಯವನ್ನೇ ಇಟ್ಟುಕೊಳ್ಳಿ.

ಪಾಠ ಮೂರು ಸುತ್ತು. ಮೊದಲ ಸುತ್ತಿನಲ್ಲಿ ಅವರು ನೋಡುತ್ತಾರೆ ಅಷ್ಟೇ, ಫೋನ್ ಮೇಜಿನ ಮೇಲೆ ಇರುತ್ತದೆ. ಎರಡನೆಯ ಸುತ್ತಿನಲ್ಲಿ ಅದೇ ಮಾತುಗಳಿಗೆ ಅವರೂ ಜೊತೆಗೆ ಮಾಡುತ್ತಾರೆ. ಮೂರನೆಯದರಲ್ಲಿ "ಈಗ ಏನು ಮಾಡಬೇಕು?" ಎಂದು ಕೇಳಿ, 10 ಸೆಕೆಂಡ್ ಬಿಟ್ಟು ಉತ್ತರ ಹೇಳುತ್ತೇವೆ. ಮೂರೂ ಸುತ್ತಿನಲ್ಲಿ ಮಾತು ಅಕ್ಷರಶಃ ಅದೇ ಇರಲಿ. ಬರೆಯುವವರಿಗೆ ಇದು ಬೇಸರದ ಕೆಲಸ, ಬೇರೆ ಪದ ಹಾಕೋಣ ಎನಿಸುತ್ತದೆ. ಹಾಕಬೇಡಿ. ಎರಡನೆಯ ಸಲ ಅದೇ ಮಾತು ಕೇಳಿದಾಗಲೇ ಮುಂದೆ ಏನು ಬರುತ್ತದೆ ಎಂಬುದು ಅವರಿಗೆ ಗೊತ್ತಾಗತೊಡಗುತ್ತದೆ. ಪ್ರತಿ ಸುತ್ತನ್ನೂ ಬೇರೆ ಬೇರೆ ರೆಕಾರ್ಡ್ ಮಾಡಿ, ನಡುವೆ ಕಾಫಿ ಕುಡಿಯುವಷ್ಟು ಬಿಡುವು ಕೊಡಿ.

ತಿದ್ದಿದ ಸ್ಕ್ರಿಪ್ಟ್: ಎರಡನೆಯ ಸುತ್ತು

ಫೋನಿನ ಲಾಕ್ ತೆಗೆದು, ಆ್ಯಪಿನ ಚಿತ್ರ ಕಾಣುವವರೆಗಿನ ಭಾಗ ಮುಗಿದಿದೆ ಎಂದುಕೊಳ್ಳಿ. ಅಲ್ಲಿಂದ ಮುಂದೆ:

"ಆ್ಯಪಿನ ಚಿತ್ರ ನೋಡಿ. (5 ಸೆಕೆಂಡ್) ಅದನ್ನು ಒಮ್ಮೆ ಮುಟ್ಟಿ ಬಿಡಿ. (10 ಸೆಕೆಂಡ್) ಹೊಸ ಪುಟ ಬಂತು. ಫೋನ್ ಮತ್ತೆ ಲಾಕ್ ಕೇಳಿದರೆ, ಫೋನ್ ತೆರೆಯಲು ಏನು ಮಾಡಿದಿರೋ ಅದನ್ನೇ ಮಾಡಿ. (15 ಸೆಕೆಂಡ್)

ಈಗ ಕೆಳಗಡೆ ನೋಡಿ. ನಡುವೆ ಒಂದು ಸಣ್ಣ ಚೌಕದ ಗುರುತು ಇದೆ. (5 ಸೆಕೆಂಡ್) ಅದನ್ನು ಒಮ್ಮೆ ಮುಟ್ಟಿ ಬಿಡಿ. (10 ಸೆಕೆಂಡ್) ಕ್ಯಾಮೆರಾ ತೆರೆಯಿತು. ಎದುರಿಗೆ ಇರುವುದು ಫೋನಿನಲ್ಲಿ ಕಾಣುತ್ತಿದೆ.

ಅಂಗಡಿಯ ಕಪ್ಪು ಬಿಳುಪು ಚೌಕ ನೋಡಿ. ಫೋನನ್ನು ಅದರ ಎದುರು, ಒಂದು ಗೇಣು ದೂರದಲ್ಲಿ ಹಿಡಿಯಿರಿ. ಅಲುಗಾಡಿಸಬೇಡಿ. ಏನೂ ಮುಟ್ಟಬೇಡಿ. ಫೋನ್ ತಾನಾಗಿಯೇ ಮುಂದಕ್ಕೆ ಹೋಗುತ್ತದೆ. (15 ಸೆಕೆಂಡ್) ಹೊಸ ಪುಟ ಬಂತು. ಮೇಲೆ ಒಂದು ಹೆಸರು ಇದೆ.

ಆ ಹೆಸರನ್ನು ಅಂಗಡಿಯವರಿಗೆ ಓದಿ ಹೇಳಿ. 'ಇದು ನಿಮ್ಮ ಹೆಸರಾ?' ಎಂದು ಕೇಳಿ. (15 ಸೆಕೆಂಡ್) ಹೌದು ಎಂದರೆ ಮಾತ್ರ ಮುಂದೆ ಹೋಗೋಣ.

ಈಗ ಎಷ್ಟು ರೂಪಾಯಿ ಅಂತ ಬರೆಯಿರಿ. ನೂರ ನಲವತ್ತು. ಒಂದು. ನಾಲ್ಕು. ಸೊನ್ನೆ. (25 ಸೆಕೆಂಡ್) ಬೆರಳು ತೆಗೆಯಿರಿ. ಬರೆದದ್ದನ್ನು ಒಂದೊಂದೇ ಅಂಕಿಯಾಗಿ ಓದಿ. ಒಂದು. ನಾಲ್ಕು. ಸೊನ್ನೆ. ಮೂರೇ ಅಂಕಿ ಇದೆಯಾ? (10 ಸೆಕೆಂಡ್) ಫೋನನ್ನು ಅಂಗಡಿಯವರಿಗೆ ತೋರಿಸಿ. ಫೋನ್ ನಿಮ್ಮ ಕೈಯಲ್ಲೇ ಇರಲಿ.

ಕೆಳಗಡೆ ನೋಡಿ. ಹಣ ಕೊಡುವ ಬಟನ್ ಇದೆ. (5 ಸೆಕೆಂಡ್) ಅದನ್ನು ಒಮ್ಮೆ ಮುಟ್ಟಿ ಬಿಡಿ. (10 ಸೆಕೆಂಡ್) ನಿಮ್ಮ ಬ್ಯಾಂಕಿನ ಹೆಸರು ಕಾಣುತ್ತಿದೆ. ಕೆಳಗಡೆ ಮತ್ತೆ ಒಂದು ಬಟನ್ ಇದೆ. ಅದನ್ನು ಒಮ್ಮೆ ಮುಟ್ಟಿ ಬಿಡಿ. (10 ಸೆಕೆಂಡ್)

ಪಿನ್ ಪುಟ ಬಂತು. ಈ ಪುಟ ಬಂದರೆ ನಿಮ್ಮ ಖಾತೆಯಿಂದ ಹಣ ಹೊರಗೆ ಹೋಗುತ್ತದೆ. ಹಣ ಒಳಗೆ ಬರಲು ಪಿನ್ ಬೇಡ. (5 ಸೆಕೆಂಡ್) ಅಂಗಡಿಯವರಿಗೆ ಬೆನ್ನು ಮಾಡಿ ಅಥವಾ ಫೋನನ್ನು ಎದೆಯ ಹತ್ತಿರ ತನ್ನಿ. ನಿಮ್ಮ ಪಿನ್ ಬರೆಯಿರಿ. ಅಂಕಿ ಕಾಣುವುದಿಲ್ಲ, ಚುಕ್ಕೆ ಕಾಣುತ್ತದೆ. ಅದು ಸರಿ. (30 ಸೆಕೆಂಡ್) ಕೆಳಗಡೆ ಬಲಕ್ಕೆ ಸರಿ ಗುರುತು ಇದೆ. ಅದನ್ನು ಒಮ್ಮೆ ಮುಟ್ಟಿ ಬಿಡಿ.

ಈಗ ಬೆರಳು ತೆಗೆಯಿರಿ. ಏನೂ ಮುಟ್ಟಬೇಡಿ. ಕಾಯಿರಿ. (15 ಸೆಕೆಂಡ್) ಹಸಿರು ಗುರುತು ಬಂತಾ? ನೂರ ನಲವತ್ತು ಎಂದು ಇದೆಯಾ? ಹಣ ಹೋಯಿತು."

ಬಟನ್ನಿನ ಬಣ್ಣ, ಜಾಗ, ಅದರ ಮೇಲಿನ ಬರಹ ಇವನ್ನು ನಿಮ್ಮ ಆ್ಯಪ್ ನೋಡಿ ತುಂಬಿಸಿಕೊಳ್ಳಿ. ಮೌನವನ್ನೂ ಸೇರಿಸಿದರೆ ಈ ಭಾಗ ಐದರಿಂದ ಆರು ನಿಮಿಷ ಆಗುತ್ತದೆ. ಇಪ್ಪತ್ತು ಸೆಕೆಂಡಿನದು ಇಷ್ಟು ಬೆಳೆಯಿತಲ್ಲ ಎಂದು ಗಾಬರಿ ಬೇಡ, ಅದಕ್ಕೆ ಬೇಕಾದ ಸಮಯವೇ ಅಷ್ಟು.

ಎಲ್ಲಿ ತಡೆದು ನಿಲ್ಲಿಸಬೇಕು, ಯಾಕೆ

ಮೇಲಿನ ಸ್ಕ್ರಿಪ್ಟಿನಲ್ಲಿ ಮೂರು ಕಡೆ ಬೇಕೆಂದೇ ಗತಿ ತಡೆದಿದ್ದೇವೆ. ಮೊದಲನೆಯದು ಹೆಸರಿನ ಹತ್ತಿರ. ಹಣ ಕೊಡುವ ಮೊದಲು ತೆರೆಯ ಮೇಲೆ ಬರುವುದು ಸಾಮಾನ್ಯವಾಗಿ ಬ್ಯಾಂಕ್ ದಾಖಲೆಯಲ್ಲಿರುವ ಹೆಸರು. ಅಂಗಡಿಯ ಬೋರ್ಡಿನಲ್ಲಿ ದೇವರ ಹೆಸರಿರಬಹುದು, ಫೋನಿನಲ್ಲಿ ಮಾಲೀಕರ ಹೆಸರು ಬರಬಹುದು. ಮಡಿಕೇರಿಯ ಶುಕ್ರವಾರದ ಸಂತೆಯಲ್ಲಾದರೆ ತರಕಾರಿ ಮಾರುವ ಅಮ್ಮನ ಎದುರು ಇರುವ ಚೌಕ ಅವರ ಮಗನದ್ದಾಗಿರಬಹುದು. ಇದನ್ನು ಮೊದಲೇ ಹೇಳದಿದ್ದರೆ ಹಿರಿಯರು ಸರಿಯಾದ ಪುಟದಲ್ಲೇ ಹೆದರಿ ಹಿಂದೆ ಬರುತ್ತಾರೆ, ಅಥವಾ ಹೆಸರು ನೋಡುವುದನ್ನೇ ಬಿಟ್ಟುಬಿಡುತ್ತಾರೆ. ಬಾಯಿಬಿಟ್ಟು ಕೇಳುವುದೇ ಎರಡಕ್ಕೂ ಮದ್ದು. ಅಂಗಡಿಯ ಚೌಕದ ಮೇಲೆ ಬೇರೆಯವರು ತಮ್ಮ ಚೌಕ ಅಂಟಿಸಿ ಹೋಗುವ ಮೋಸವೂ ಈ ಒಂದು ಪ್ರಶ್ನೆಯಲ್ಲೇ ಸಿಕ್ಕಿಬೀಳುತ್ತದೆ.

ಎರಡನೆಯದು ಮೊತ್ತದ ಹತ್ತಿರ. ಕೈ ಸ್ವಲ್ಪ ನಡುಗಿದರೂ ನಾಲ್ಕು ಎರಡು ಸಲ ಬಿದ್ದು 140 ಎಂಬುದು 1440 ಆಗುತ್ತದೆ. ಖಾತೆಯಲ್ಲಿ ಹಣ ಇದ್ದರೆ ಅದು ತಡೆಯಿಲ್ಲದೆ ಹೋಗುತ್ತದೆ. ಹೋದದ್ದನ್ನು ಫೋನಿನಿಂದ ವಾಪಸ್ ಕರೆಯಲು ಆಗುವುದಿಲ್ಲ, ಅಂಗಡಿಯವರೇ ಕೊಡಬೇಕು. ಅದಕ್ಕೇ ಅಂಕಿ ಎಣಿಸುವ ಸಾಲು, ತೋರಿಸುವ ಸಾಲು. ಅಳಿಸುವುದು ಹೇಗೆ ಎಂದು ಮೊದಲ ಸುತ್ತಿನಲ್ಲೇ ತೋರಿಸಿ. ಬೇಕೆಂದೇ 1440 ಬರೆದು, ಅಳಿಸಿ, ಮತ್ತೆ 140 ಬರೆಯಿರಿ. ತಪ್ಪು ಬಂದರೆ ತಿದ್ದಬಹುದು ಎಂದು ಕಣ್ಣಾರೆ ಕಂಡವರಿಗೆ ಕೈ ಕಡಿಮೆ ನಡುಗುತ್ತದೆ.

ಮೂರನೆಯದು ಪಿನ್. ಇಲ್ಲಿ ಆಗುವ ಗೊಂದಲ ಬಹಳ. ಫೋನ್ ಲಾಕಿಗೆ ಒಂದು ನಂಬರ್, ಎಟಿಎಂ ಕಾರ್ಡಿಗೆ ಒಂದು, ಯುಪಿಐಗೆ ಒಂದು, ನಡುವೆ ಆಗಾಗ ಬರುವ ಒಟಿಪಿ ಬೇರೆ. ಯಾವ ಪುಟದಲ್ಲಿ ಯಾವುದು ಎಂದು ಗೊತ್ತಾಗದೆ ಫೋನ್ ಲಾಕಿನ ಜಾಗದಲ್ಲಿ ಯುಪಿಐ ಪಿನ್ ಹಾಕುತ್ತಾರೆ. ಗುರುತು ಹೇಳಿಕೊಡಿ: ಕೊಡುವ ಮೊತ್ತ ಮತ್ತು ಬ್ಯಾಂಕಿನ ಹೆಸರು ಎರಡೂ ಕಾಣುವ ಪುಟದಲ್ಲಿ ಮಾತ್ರ ಯುಪಿಐ ಪಿನ್. ಪಿನ್ ಬ್ಯಾಂಕಿಗೆ ತಕ್ಕಂತೆ 4 ಅಥವಾ 6 ಅಂಕಿ ಇರುತ್ತದೆ. ಸ್ಕ್ರಿಪ್ಟಿನಲ್ಲಿ "ನಾಲ್ಕು ಅಂಕಿಯ ಪಿನ್" ಎಂದು ಬರೆದರೆ ಆರು ಅಂಕಿಯವರು ನಾಲ್ಕಕ್ಕೇ ನಿಲ್ಲಿಸುತ್ತಾರೆ. "ನಿಮ್ಮ ಪಿನ್" ಎಂದಷ್ಟೇ ಹೇಳಿ. ಪಿನ್ ತಪ್ಪಿದರೆ ಒಂದು ಸಲ ಮಾತ್ರ ಮತ್ತೆ ಪ್ರಯತ್ನಿಸಲಿ. ಮೂರು ಸಲ ತಪ್ಪಿದರೆ ಬ್ಯಾಂಕುಗಳು ಸಾಮಾನ್ಯವಾಗಿ ಆ ದಿನಕ್ಕೆ ತಡೆ ಹಾಕುತ್ತವೆ.

ಇನ್ನೊಂದು, ಅಂಗಡಿಗಳಲ್ಲಿ ನಿತ್ಯ ಕಾಣುವುದು. ಹಿಂದೆ ಜನ ಕಾಯುತ್ತಿರುತ್ತಾರೆ, ಹಿರಿಯರಿಗೆ ಮುಜುಗರವಾಗುತ್ತದೆ, "ನೀನೇ ಹಾಕಪ್ಪ" ಎಂದು ಫೋನನ್ನು ಅಂಗಡಿಯವರಿಗೆ ಕೊಟ್ಟು ಪಿನ್ನನ್ನೂ ಬಾಯಿಬಿಟ್ಟು ಹೇಳಿಬಿಡುತ್ತಾರೆ. "ಪಿನ್ ಯಾರಿಗೂ ಹೇಳಬೇಡಿ" ಎಂಬ ಎಚ್ಚರಿಕೆ ಆ ಗಳಿಗೆಯಲ್ಲಿ ನೆನಪಿಗೆ ಬರುವುದಿಲ್ಲ. ಅವರಿಗೆ ಬೇಕಾದದ್ದು ಆಡಲು ಸಿದ್ಧವಾದ ಒಂದು ಮಾತು. ಸ್ಕ್ರಿಪ್ಟಿನಲ್ಲೇ ಬಾಯಿಪಾಠ ಮಾಡಿಸಿ: "ಪಿನ್ ನಾನೇ ಹಾಕ್ತೇನೆ, ಸ್ವಲ್ಪ ತಡ ಆಗ್ತದೆ." ಮೂರೂ ಸುತ್ತಿನಲ್ಲಿ ಇದನ್ನು ಜೋರಾಗಿ ಹೇಳಿಸಿ. ಎಚ್ಚರಿಕೆಗಳನ್ನೆಲ್ಲ ಒಟ್ಟು ಮಾಡಿ ಪಾಠದ ಕೊನೆಯಲ್ಲಿ ಇಡುವ ಪದ್ಧತಿ ಬೇಡ. ಯಾವ ಪುಟದಲ್ಲಿ ಮೋಸ ಆಗುತ್ತದೋ ಆ ಪುಟ ಕಣ್ಣೆದುರು ಇರುವಾಗಲೇ ಅದಕ್ಕೆ ಬೇಕಾದ ಒಂದು ವಾಕ್ಯ ಹೇಳಿ ಮುಂದೆ ಹೋಗಿ.

ಹಸಿರು ಗುರುತು ಬಾರದಿದ್ದಾಗ

ಜೂನ್‌ನಿಂದ ಆಗಸ್ಟ್‌ವರೆಗೆ ಇಲ್ಲಿ ಮಳೆ ಗಾಳಿಗೆ ಕರೆಂಟ್ ಹೋಗುತ್ತದೆ, ಅದರ ಹಿಂದೆಯೇ ಟವರ್ ಸಿಗ್ನಲ್ಲೂ ಹೋಗುತ್ತದೆ. ಆದ್ದರಿಂದ ಪಾವತಿ ನಡುವೆ ನಿಂತುಹೋಗುವುದನ್ನು ಅಪರೂಪದ ತೊಂದರೆ ಎಂದು ಪಕ್ಕಕ್ಕಿಡದೆ, ಮುಖ್ಯ ಪಾಠದೊಳಗೇ ಸೇರಿಸಬೇಕು. ಅದಕ್ಕೆ ಈ ಸಾಲುಗಳು ಸಾಕು:

"ಹಸಿರು ಗುರುತು ಬರಲಿಲ್ಲ. ಚಕ್ರ ತಿರುಗುತ್ತಲೇ ಇದೆ, ಅಥವಾ ಹಳದಿ ಗುರುತು ಬಂತು. ಮತ್ತೆ ಕೊಡಬೇಡಿ. ಎರಡು ನಿಮಿಷ ಕಾಯಿರಿ. (ಇಲ್ಲಿ ನಿಜವಾಗಿಯೂ ಕಾದು ತೋರಿಸಿ) ಅಂಗಡಿಯವರನ್ನು ಕೇಳಿ, 'ಹಣ ಬಂತಾ?' ಬಂದಿಲ್ಲ ಎಂದರೆ ಇವತ್ತು ನೋಟು ಕೊಡಿ. ಫೋನಿನಲ್ಲಿ ಮತ್ತೆ ಕೊಡಬೇಡಿ."

"ಮತ್ತೆ ಕೊಡಬೇಡಿ" ಎರಡು ಸಲ ಬಂದಿರುವುದು ಬೇಕೆಂದೇ. ಇಲ್ಲಿ ಆಗುವ ದೊಡ್ಡ ನಷ್ಟ ಎರಡು ಸಲ ಕೊಡುವುದು. ಮೊದಲನೆಯದು ತಡವಾಗಿ ಹೋಗುತ್ತದೆ, ಎರಡನೆಯದೂ ಹೋಗುತ್ತದೆ. ಖಾತೆಯಿಂದ ಹಣ ಕಡಿತವಾಗಿ ಅಂಗಡಿಗೆ ಮುಟ್ಟದಿದ್ದರೆ ಅದು ತಾನಾಗಿಯೇ ವಾಪಸ್ ಬರಬೇಕು ಎಂಬುದು ರಿಸರ್ವ್ ಬ್ಯಾಂಕಿನ 2019ರ ನಿಯಮ. ಅಂಗಡಿಗೆ ಕೊಟ್ಟದ್ದಾದರೆ 5 ದಿನದೊಳಗೆ, ವ್ಯಕ್ತಿಯ ಖಾತೆಗೆ ಕಳಿಸಿದ್ದಾದರೆ ಮಾರನೆಯ ದಿನದೊಳಗೆ. ತಡವಾದರೆ ದಿನಕ್ಕೆ 100 ರೂಪಾಯಿ ಪರಿಹಾರವೂ ಇದೆ. ಸ್ಕ್ರಿಪ್ಟಿನಲ್ಲಿ ಇಷ್ಟೆಲ್ಲ ಬೇಡ, "ಐದು ದಿನದಲ್ಲಿ ವಾಪಸ್ ಬರುತ್ತದೆ, ಬಾರದಿದ್ದರೆ ಬ್ಯಾಂಕಿಗೆ ಹೋಗಿ" ಎಂದರೆ ಸಾಕು. ಅಂಗಡಿಯಲ್ಲಿ ಮೊತ್ತ ಕೂಗಿ ಹೇಳುವ ಡಬ್ಬಿ ಇದ್ದರೆ, ಹಸಿರು ಗುರುತು ನೋಡಿ ಅದರ ದನಿಯನ್ನೂ ಕೇಳಿಸಿಕೊಳ್ಳಲು ಹೇಳಿ.

ಸ್ಕ್ಯಾನ್ ಆಗದೆ ಇರುವುದಕ್ಕೆ ಹೆಚ್ಚಾಗಿ ಕಾರಣ ಬೆಳಕು. ಲ್ಯಾಮಿನೇಟ್ ಮಾಡಿದ ಹಾಳೆಯ ಮೇಲೆ ಬಲ್ಬ್ ಹೊಳೆದರೆ, ಅಥವಾ ಅದರ ಮೇಲೆ ಮಳೆಹನಿ ನಿಂತಿದ್ದರೆ ಕ್ಯಾಮೆರಾಕ್ಕೆ ಚೌಕ ಓದಲಾಗದು. ಹಾಳೆ ಒರೆಸಿ, ಫೋನನ್ನು ಸ್ವಲ್ಪ ಓರೆ ಹಿಡಿದರೆ ಆಗುತ್ತದೆ. ಇದಕ್ಕೆ ಒಂದು ಸಾಲು ಸಾಕು.

ವಿಡಿಯೊ ಮಾಡುವವರಿಗೆ

ಫೋನಿನ ತೆರೆಯನ್ನೇ ರೆಕಾರ್ಡ್ ಮಾಡುವಾಗ ಪಿನ್ ಪುಟ ಕಪ್ಪಾಗಿ ಬರುತ್ತದೆ. ಅದು ಸುರಕ್ಷತೆಗೆಂದು ಆ್ಯಪ್ ಮಾಡಿರುವ ಏರ್ಪಾಡು, ನಿಮ್ಮ ಫೋನಿನ ದೋಷವಲ್ಲ. ಆದರೆ ಹಿರಿಯರು ಎಲ್ಲಕ್ಕಿಂತ ಹೆಚ್ಚು ನೋಡಬೇಕಾದ ಪುಟವೇ ಹಾಗೆ ಕಪ್ಪಾದರೆ ಪಾಠ ಕುಂಟುತ್ತದೆ. ಆ ಜಾಗಕ್ಕೆ ಪುಟದ ಚಿತ್ರವನ್ನು ಬರೆದು ಹಾಕಿ: ಮೇಲೆ ಬ್ಯಾಂಕಿನ ಹೆಸರು, ಮೊತ್ತ, ಖಾಲಿ ಚುಕ್ಕೆಗಳು, ಕೆಳಗೆ ಅಂಕಿಗಳು, ಬಲಮೂಲೆಯಲ್ಲಿ ಸರಿ ಗುರುತು. ಇನ್ನೊಂದು ಫೋನಿನಿಂದ ಚಿತ್ರೀಕರಿಸಿದರೆ ಬೆರಳ ಚಲನೆಯಿಂದಲೇ ನಿಜವಾದ ಪಿನ್ ತಿಳಿದುಬಿಡುತ್ತದೆ, ಆಮೇಲೆ ಅದನ್ನು ಬದಲಿಸಲೇಬೇಕು. ಬೆರಳು ತೋರಿಸುವ ದೃಶ್ಯಗಳಲ್ಲಿ ಕೈ ಬದಿಯಿಂದ ಬರಲಿ, ಮೇಲಿನಿಂದ ಬಂದರೆ ಬಟನ್ನನ್ನೇ ಮುಚ್ಚುತ್ತದೆ.

ಪರೀಕ್ಷೆಗೆ ಅಂಗಡಿ ಬೇಡ. ಮನೆಯವರೊಬ್ಬರ ಕ್ಯೂಆರ್ ಚೌಕವನ್ನು ಕಾಗದದ ಮೇಲೆ ಮುದ್ರಿಸಿ, 1 ರೂಪಾಯಿ ಕೊಡಿಸಿ. ಸ್ಮಾರ್ಟ್‌ಫೋನ್ ಗೊತ್ತಿಲ್ಲದ ಮೂವರನ್ನು ಒಬ್ಬೊಬ್ಬರಾಗಿ ಕೂರಿಸಿ ಸ್ಕ್ರಿಪ್ಟ್ ಓದಿ. ನಿಮ್ಮ ಕೈ ಅವರ ಫೋನಿನ ಮೇಲೆ ಹೋಗಕೂಡದು, ಹೆಚ್ಚಿನ ಮಾತೂ ಆಡಕೂಡದು. ಅವರು ತಲೆಯೆತ್ತಿ ನಿಮ್ಮ ಮುಖ ನೋಡಿದ ಪ್ರತಿ ಜಾಗದಲ್ಲೂ ಸ್ಕ್ರಿಪ್ಟಿನ ಬದಿಗೆ ಒಂದು ಗೆರೆ ಹಾಕಿ. ಒಂದೇ ಸಾಲಿನ ಎದುರು ಎರಡು ಗೆರೆ ಬಿದ್ದರೆ ಆ ಸಾಲು ತಪ್ಪಿದೆ. ಅದರಲ್ಲಿ ಎರಡು ಕೆಲಸ ಅಡಗಿರುತ್ತದೆ, ಇಲ್ಲವೇ ಮುಂಚೆ ನೋಡಬೇಕಾದ ಜಾಗ ಹೇಳಿರುವುದಿಲ್ಲ. ತಿದ್ದಿ, ಹೊಸಬರೊಬ್ಬರ ಮುಂದೆ ಓದಿ. ಮೊದಲ ಮೂವರಿಗೆ ಈಗಾಗಲೇ ಗೊತ್ತಾಗಿರುವುದರಿಂದ ಅವರಿಂದ ಮತ್ತೆ ತಪ್ಪು ಸಿಗುವುದಿಲ್ಲ.

ಪಾಠ ಮುಗಿದವರ ಕೈಗೆ ಒಂದು ಹಾಳೆ ಕೊಡಿ. ಅದರಲ್ಲಿ ಆರು ಪುಟಗಳ ಚಿತ್ರ, ಪ್ರತಿ ಚಿತ್ರದ ಕೆಳಗೆ ಪಾಠದಲ್ಲಿ ಕೇಳಿದ್ದೇ ಒಂದು ಸಾಲು, ಮನೆಯವರ ಫೋನ್ ನಂಬರ್, ಮತ್ತು ಮೋಸವಾದರೆ ಕೂಡಲೇ ಕರೆಯಬೇಕಾದ ಸೈಬರ್ ಸಹಾಯವಾಣಿ 1930. ಪಿನ್ ಬರೆದುಕೊಳ್ಳಲು ಆ ಹಾಳೆಯಲ್ಲಿ ಖಾಲಿ ಜಾಗವೇ ಇರಬಾರದು, ಇದ್ದರೆ ಬರೆದುಕೊಳ್ಳುತ್ತಾರೆ. ಹಾಳೆಯ ಮೂಲೆಯಲ್ಲಿ ಆ್ಯಪಿನ ಹೆಸರನ್ನೂ ಸ್ಕ್ರಿಪ್ಟ್ ತಿದ್ದಿದ ತಿಂಗಳನ್ನೂ ಬರೆಯಿರಿ. ಆ್ಯಪ್ ಅಪ್‌ಡೇಟ್ ಆದಾಗ ಬಟನ್ನುಗಳು ಜಾಗ ಬದಲಿಸುತ್ತವೆ, ಆದ್ದರಿಂದ ಮೂರು ತಿಂಗಳಿಗೊಮ್ಮೆ 16 ಕೆಲಸಗಳ ಪಟ್ಟಿ ಹಿಡಿದು ಫೋನಿನಲ್ಲಿ ಒಮ್ಮೆ ಮಾಡಿ ನೋಡಿ, ಬದಲಾದ ಪುಟದ ಚಿತ್ರ ಮತ್ತು ಸಾಲನ್ನು ಮಾತ್ರ ತಿದ್ದಿ ಹೊಸ ಹಾಳೆ ಹಂಚಿ.